ಸೋಮವಾರದ ಸಭೆಗೆ ಗಂಟೆಯ ದರ ಎಷ್ಟು?

ಒಂದು ಯಂತ್ರ ಒಂದು ಗಂಟೆ ಓಡಿದರೆ ತಗಲುವ ಖರ್ಚು ಹೊಸೂರಿನ ಬಿಡಿಭಾಗ ಕಾರ್ಖಾನೆಗಳಿಗೆ ರೂಪಾಯಿ ಲೆಕ್ಕದಲ್ಲಿ ಗೊತ್ತು. ಹನ್ನೊಂದು ಜನ ಒಂದು ಕೋಣೆಯಲ್ಲಿ ಕೂತರೆ ತಗಲುವ ಖರ್ಚು ಮಾತ್ರ ಯಾವ ಹಾಳೆಯಲ್ಲೂ ಕಾಣುವುದಿಲ್ಲ. ಬರೆದು ನೋಡಿದರೆ, ಒಂದೂವರೆ ಗಂಟೆಯ ಸಭೆ ಮೂವತ್ತು ಗಂಟೆಯದಾಗುತ್ತದೆ!

ಸೋಮವಾರ ಬೆಳಗಿನ ಹತ್ತು ಗಂಟೆಗೆ ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಬಡಾವಣೆಯ ಒಳರಸ್ತೆಗಳಲ್ಲಿ ಕಂಪನಿ ಬಸ್ಸುಗಳ ಗದ್ದಲ ಅಡಗಿ, ಶೆಡ್ಡುಗಳ ಒಳಗಿನಿಂದ ಕೂಲೆಂಟಿನ ವಾಸನೆಯೂ ಲೇತುಗಳ ಏಕತಾನದ ಸದ್ದೂ ಹೊರಬರತೊಡಗಿದ ಹೊತ್ತಿಗೆ, ಮಹಡಿಯ ಮೇಲಿನ ಸಣ್ಣ ಕೋಣೆಗಳಲ್ಲಿ ವಾರದ ಪರಿಶೀಲನಾ ಸಭೆಗಳು ಆರಂಭವಾಗುತ್ತವೆ. ಪರದೆಯ ಮೇಲೆ ಕಳೆದ ವಾರದ ರಿಜೆಕ್ಷನ್ ಪಟ್ಟಿ ಮೂಡುತ್ತದೆ, ಚಹಾ ಬರುತ್ತದೆ, ಅತ್ತಿಬೆಲೆಯ ಬಳಿ ವಾಹನದಟ್ಟಣೆಯಲ್ಲಿ ಸಿಲುಕಿದ ಒಬ್ಬರಿಗಾಗಿ ಉಳಿದ ಹತ್ತು ಮಂದಿ ಕಾಯುತ್ತಾರೆ.

ಕೆಳಗಿನ ಶೆಡ್ಡಿನಲ್ಲಿ ಒಂದು ಯಂತ್ರ ಹತ್ತು ನಿಮಿಷ ನಿಂತರೆ ಅದು ಲಾಗ್ ಪುಸ್ತಕದಲ್ಲಿ ಕಾರಣ ಸಹಿತ ದಾಖಲಾಗುತ್ತದೆ. ಮೇಲಿನ ಕೋಣೆಯಲ್ಲಿ ಹತ್ತು ಮಂದಿ ಹತ್ತು ನಿಮಿಷ ನಿಂತದ್ದು ಎಲ್ಲಿಯೂ ದಾಖಲಾಗುವುದಿಲ್ಲ.

ಗಂಟೆಯ ಲೆಕ್ಕ ಈ ಊರಿಗೆ ಹೊಸದಲ್ಲ. 1971ರಲ್ಲಿ ಸ್ಥಾಪನೆಯಾದ ಸಿಪ್‌ಕಾಟ್, ಅಂದರೆ ತಮಿಳುನಾಡು ಸರ್ಕಾರದ ಕೈಗಾರಿಕಾ ಉತ್ತೇಜನ ನಿಗಮ, ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಈ ಗಡಿ ಊರಿನಲ್ಲಿ ಬಡಾವಣೆ ಮಾಡಿದ ಬಳಿಕ, 1980ರಲ್ಲಿ ಅಶೋಕ್ ಲೇಲ್ಯಾಂಡಿನ ಘಟಕವೂ ಟಿವಿಎಸ್‌ನ ಮೊಪೆಡ್ ತಯಾರಿಕೆಯೂ ಇಲ್ಲಿ ನೆಲೆಗೊಂಡವು. 1984ರಲ್ಲಿ ಹುಟ್ಟಿದ ಟೈಟನ್ ತನ್ನ ಗಡಿಯಾರ ಕಾರ್ಖಾನೆಗೂ ಹೊಸೂರನ್ನೇ ಆರಿಸಿಕೊಂಡಿತು. ಈ ದೊಡ್ಡ ಕಂಪನಿಗಳ ಸುತ್ತ ಬುಷ್, ಗೇರ್, ಬ್ರಾಕೆಟ್ ತಯಾರಿಸುವ ಸಣ್ಣ ಮತ್ತು ಮಧ್ಯಮ ಘಟಕಗಳು ಬೆಳೆದವು. ಅವುಗಳ ಬದುಕು ನಿಂತಿರುವುದೇ ‘ಮೆಷಿನ್ ಅವರ್ ರೇಟ್’ ಎಂಬ ಒಂದು ಸಂಖ್ಯೆಯ ಮೇಲೆ. ಯಂತ್ರದ ಸವಕಳಿ, ಸಾಲದ ಬಡ್ಡಿ, ವಿದ್ಯುತ್ತು, ಟೂಲುಗಳು, ಆಪರೇಟರನ ಕೂಲಿ, ಶೆಡ್ಡಿನ ಬಾಡಿಗೆ ಎಲ್ಲವನ್ನೂ ಕೂಡಿಸಿ, ಆ ಯಂತ್ರ ವರ್ಷದಲ್ಲಿ ನಿಜವಾಗಿ ಓಡುವ ಗಂಟೆಗಳಿಂದ ಭಾಗಿಸಿದರೆ ಬರುವ ದರ ಅದು. ಗಿರಾಕಿ ಕಂಪನಿಯ ಖರೀದಿ ವಿಭಾಗದವರು ಚೌಕಾಸಿ ಮಾಡುವುದು ಅದರ ಮೇಲೆಯೇ, ಅದೂ ಸೆಕೆಂಡುಗಳ ಮಟ್ಟದಲ್ಲಿ. ಹೊಸ ಹಣಕಾಸು ವರ್ಷ ಹುಟ್ಟುವ ಏಪ್ರಿಲ್ ಇಂಥ ದರಗಳನ್ನು ಮತ್ತೆ ಲೆಕ್ಕ ಹಾಕುವ ಕಾಲವಾಗಿರುವುದರಿಂದ, ಅದೇ ಹಾಳೆಯಲ್ಲಿ ಸೋಮವಾರದ ಸಭೆಯನ್ನೂ ಒಂದು ಯಂತ್ರವೆಂದು ಭಾವಿಸಿ ಬೆಲೆ ಕಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಮೂವತ್ತು ಗಂಟೆ ಬಂದದ್ದು ಹೇಗೆ?

ಲೆಕ್ಕದ ಮೂಲಮಾನ ಮಾನವ-ಗಂಟೆ. ಒಬ್ಬ ವ್ಯಕ್ತಿ ಒಂದು ಗಂಟೆ ತೊಡಗಿಸಿದ ಕೆಲಸಕ್ಕೆ ಈ ಹೆಸರು. ಉದ್ಯೋಗ ಖಾತ್ರಿ ಯೋಜನೆಯ ವರದಿಗಳಲ್ಲಿ ಬರುವ ‘ಮಾನವ ದಿನ’ದ ಕಿರಿಯ ರೂಪವೆಂದರೆ ತಪ್ಪಾಗದು. ಹನ್ನೊಂದು ಮಂದಿ ಒಂದೂವರೆ ಗಂಟೆ ಕೂತರೆ ಹದಿನಾರೂವರೆ ಮಾನವ-ಗಂಟೆ ಎಂಬ ಗುಣಾಕಾರ ಶಾಲೆಯ ಮಕ್ಕಳಿಗೂ ಬರುತ್ತದೆ. ಸಭೆಯ ಬೆಲೆ ಕಟ್ಟಲು ಹೊರಟವರು ಎಡವುವುದು ಗುಣಾಕಾರದಲ್ಲಲ್ಲ, ಯಾವುದನ್ನು ಎಣಿಸಬೇಕು ಎಂಬಲ್ಲಿ.

ಲೆಕ್ಕವನ್ನು ಕಣ್ಣಿಗೆ ಕಾಣುವಂತೆ ಮಾಡಲು ಒಂದು ಕಾಲ್ಪನಿಕ ಮಾದರಿ ಘಟಕವನ್ನು ತೆಗೆದುಕೊಳ್ಳಬಹುದು. ದ್ವಿಚಕ್ರ ವಾಹನಗಳಿಗೆ ಬುಷ್‌ಗಳನ್ನು ಒದಗಿಸುವ ಈ ಘಟಕದ ಸೋಮವಾರದ ಸಭೆಗೆ ಘಟಕದ ಮುಖ್ಯಸ್ಥರು, ಉತ್ಪಾದನೆ, ಗುಣಮಟ್ಟ, ಯೋಜನೆ, ಖರೀದಿ, ಸ್ಟೋರ್ಸ್, ಮೈಂಟೆನೆನ್ಸ್, ಟೂಲ್ ರೂಮ್ ಮತ್ತು ಡಿಸ್ಪ್ಯಾಚ್ ವಿಭಾಗದವರು ಹಾಗೂ ಇಬ್ಬರು ಶಿಫ್ಟ್ ಇನ್‌ಚಾರ್ಜ್‌ಗಳು, ಒಟ್ಟು ಹನ್ನೊಂದು ಮಂದಿ ಬರುತ್ತಾರೆ. ನಿಗದಿಯಾದ ಅವಧಿ ಹತ್ತರಿಂದ ಹನ್ನೊಂದೂವರೆ. ಆದರೆ ಒಬ್ಬರು ತಡವಾಗಿ ಬಂದು, ಮಾತು ಬೆಳೆದು, ಎಲ್ಲರೂ ಏಳುವಾಗ ಹನ್ನೊಂದು ಮುಕ್ಕಾಲು. ಅಲ್ಲಿಗೆ ಕೋಣೆಯೊಳಗಿನ ಖರ್ಚೇ ಹತ್ತೊಂಬತ್ತೂಕಾಲು ಗಂಟೆಯಾಯಿತು.

ಇದಕ್ಕೆ ಸೇರಬೇಕಾದದ್ದು ಸಿದ್ಧತೆ. ಗುಣಮಟ್ಟದವರು ರಿಜೆಕ್ಷನ್ ಅಂಕಿಗಳನ್ನು ಹೊಂದಿಸಲು ಎರಡು ಗಂಟೆ, ಉತ್ಪಾದನೆ ಮತ್ತು ಯೋಜನೆಯವರು ತಲಾ ಒಂದೂವರೆ ಗಂಟೆ, ಖರೀದಿ ಮತ್ತು ಸ್ಟೋರ್ಸಿನವರು ತಲಾ ಒಂದು ಗಂಟೆ ಶನಿವಾರ ಕಳೆಯುತ್ತಾರೆ. ಇದು ಏಳು ಗಂಟೆ. ಕೆಲಸ ನಿಲ್ಲಿಸಿ ಮಹಡಿ ಹತ್ತುವುದಕ್ಕೂ, ಇಳಿದು ಬಂದು ಬಿಟ್ಟ ಕೆಲಸದ ಎಳೆ ಮತ್ತೆ ಹಿಡಿಯುವುದಕ್ಕೂ ತಲಾ ಕಾಲು ಗಂಟೆ ಎಂದರೂ ಎರಡೂ ಮುಕ್ಕಾಲು ಗಂಟೆ. ಸಭೆಯ ನಡಾವಳಿ ಬರೆದು ಕಳಿಸುವುದಕ್ಕೆ ಒಂದು ಗಂಟೆ. ಎಲ್ಲ ಕೂಡಿದರೆ ಸರಿಯಾಗಿ ಮೂವತ್ತು.

ಇದನ್ನು ರೂಪಾಯಿಗೆ ಇಳಿಸಲು ಸಂಬಳದ ಚೀಟಿಯಷ್ಟೇ ಸಾಲದು. ಪಿಎಫ್, ಗ್ರಾಚ್ಯುಟಿ, ಬಸ್ಸು, ಕ್ಯಾಂಟೀನು ಸೇರಿ ಒಬ್ಬರಿಗೆ ಸರಾಸರಿ ತಿಂಗಳಿಗೆ 55,000 ರೂಪಾಯಿ ತಗಲುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 6,60,000 ರೂಪಾಯಿ. ವಾರಕ್ಕೆ ಆರು ದಿನದಂತೆ ವರ್ಷದ 313 ದಿನಗಳಲ್ಲಿ, 1958ರ ತಮಿಳುನಾಡು ಕಾಯ್ದೆಯ ಪ್ರಕಾರ ಕೊಡಬೇಕಾದ ಒಂಬತ್ತು ರಾಷ್ಟ್ರೀಯ ಮತ್ತು ಹಬ್ಬದ ರಜೆಗಳನ್ನೂ ಗಳಿಕೆ ರಜೆಯ ಹದಿನೈದು ದಿನಗಳನ್ನೂ ಕಳೆದರೆ 289 ದಿನ ಉಳಿಯುತ್ತದೆ. ಚಹಾ ವಿರಾಮ, ಅನಾರೋಗ್ಯಗಳನ್ನೂ ಬಿಟ್ಟರೆ ಸುಮಾರು 2,200 ಗಂಟೆ. ಭಾಗಿಸಿದಾಗ ಗಂಟೆಗೆ 300 ರೂಪಾಯಿ. ಸಭೆಯ ವಾರದ ಬೆಲೆ 9,000 ರೂಪಾಯಿ. ಐವತ್ತು ವಾರಕ್ಕೆ ನಾಲ್ಕೂವರೆ ಲಕ್ಷ.

ಗಂಟೆಗಳಲ್ಲೇ ಹೇಳುವುದಾದರೆ ವರ್ಷಕ್ಕೆ 1,500 ಮಾನವ-ಗಂಟೆ, ಅಂದರೆ ಒಬ್ಬ ಪೂರ್ಣಾವಧಿ ಎಂಜಿನಿಯರರ ವರ್ಷದ ದುಡಿಮೆಯ ಸುಮಾರು ಮೂರರಲ್ಲಿ ಎರಡು ಭಾಗ. ಚರ್ಚೆಗೆ ರೂಪಾಯಿಗಿಂತ ಈ ಅಂಕಿಯೇ ಮೇಲು. ರೂಪಾಯಿಯ ಅಂಕಿ ಬಂದೊಡನೆ ಯಾರ ಸಂಬಳ ಎಷ್ಟು ಎಂಬ ಕುತೂಹಲ ತಲೆಯೆತ್ತಿ, ಸಭೆಯ ಪ್ರಶ್ನೆ ಮೂಲೆ ಸೇರುತ್ತದೆ.

> ಒಂದು ಸಭೆ, ಮೂರು ಲಕ್ಷ ಗಂಟೆ
> ಬೇನ್ ಅಂಡ್ ಕಂಪನಿ ಎಂಬ ಸಲಹಾ ಸಂಸ್ಥೆಯ ಮೈಕೇಲ್ ಮ್ಯಾಂಕಿನ್ಸ್ ಅವರು 2014ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ನಲ್ಲಿ ಒಂದು ದೊಡ್ಡ ಕಂಪನಿಯ ಕಾರ್ಯಕಾರಿ ಸಮಿತಿಯ ವಾರದ ಸಭೆಯ ಲೆಕ್ಕ ಬಿಡಿಸಿದರು. ಸಭೆಯೊಳಗೆ ಕಳೆದದ್ದು ವರ್ಷಕ್ಕೆ 7,000 ಗಂಟೆ. ಆ ಸಭೆಗೆ ತಯಾರಾಗಲು ವಿಭಾಗಗಳು ನಡೆಸಿದ ಸಭೆಗಳನ್ನೂ, ಆ ಸಭೆಗಳ ತಯಾರಿಗೆ ನಡೆದ ಸಭೆಗಳನ್ನೂ ಸೇರಿಸಿದಾಗ ಮೊತ್ತ 3,00,000 ಗಂಟೆಗೆ ಏರಿತು.

ಗಡಿಯಾರ ಹಿಡಿದು ಕೂರುವುದು

ಖರ್ಚು ತಿಳಿದ ಮಾತ್ರಕ್ಕೆ ಸಭೆ ದುಬಾರಿಯೆಂದು ತೀರ್ಮಾನಿಸಲಾಗದು. ಮಾದರಿ ಘಟಕದ ಒಂದು ಸಿಎನ್‌ಸಿ ಯಂತ್ರ ಇದಕ್ಕಿಂತ ಹೆಚ್ಚು ತಿನ್ನುತ್ತದೆ, ಅದರ ಬಗ್ಗೆ ಯಾರಿಗೂ ದೂರಿಲ್ಲ, ಏಕೆಂದರೆ ಅದು ಬುಷ್ ಕೊಡುತ್ತದೆ. ಸಭೆ ಏನು ಕೊಡುತ್ತದೆ ಎಂಬುದನ್ನು ತಿಳಿಯಲು ಒಬ್ಬರು ಗಡಿಯಾರ ಹಿಡಿದು ಮೂಲೆಯಲ್ಲಿ ಕೂತು, ನಾಲ್ಕು ವಾರ, ಪ್ರತಿ ವಿಷಯಕ್ಕೆ ಎಷ್ಟು ನಿಮಿಷ ಹೋಯಿತೆಂದು ಬರೆದುಕೊಳ್ಳಬೇಕು. ದೇಶಕ್ಕೆ ಕೈಗಡಿಯಾರ ಕಟ್ಟುವ ಊರಿನಲ್ಲಿ ಇದೇನೂ ಕಷ್ಟದ ಕೆಲಸವಲ್ಲ!

ಬರೆದುಕೊಂಡ ನಿಮಿಷಗಳನ್ನು ವಿಂಗಡಿಸುವ ಕ್ರಮ ಸರಳವಾದದ್ದು. ಕೇಳಿದವರು ಓದಿಯೂ ತಿಳಿಯಬಹುದಾಗಿದ್ದ ಮಾತು ವರದಿ. ಇಬ್ಬರ ನಡುವೆ ನಡೆದು ಉಳಿದವರು ಸುಮ್ಮನೆ ನೋಡಿದ ಮಾತು ಜೋಡಿ ಚರ್ಚೆ. ಕನಿಷ್ಠ ಮೂರು ವಿಭಾಗಗಳ ಒಪ್ಪಿಗೆಯಿಲ್ಲದೆ ಮುಂದೆ ಹೋಗಲಾಗದ ಮಾತು ಮಾತ್ರ ನಿರ್ಣಯ. ಮಾದರಿ ಘಟಕದ 105 ನಿಮಿಷಗಳಲ್ಲಿ ವರದಿಗೆ 55, ಜೋಡಿ ಚರ್ಚೆಗೆ 25, ಕಾಯುವುದಕ್ಕೆ 10 ಹೋಗಿ ನಿರ್ಣಯಕ್ಕೆ ಉಳಿದದ್ದು 15 ನಿಮಿಷ ಎಂದಿಟ್ಟುಕೊಳ್ಳೋಣ. ಆ ಹದಿನೈದು ನಿಮಿಷಗಳಲ್ಲೂ ಬಾಯಿ ಬಿಡಬೇಕಾಗಿದ್ದವರು ಐದಾರು ಮಂದಿ.

ಈ ವಿಂಗಡಣೆಯಲ್ಲಿ ಗಡಿನಾಡಿನ ಒಂದು ವಿಶೇಷವನ್ನು ಮರೆಯುವಂತಿಲ್ಲ. ಹೊಸೂರಿನ ಕೋಣೆಯೊಂದರಲ್ಲಿ ತಮಿಳಿನಲ್ಲಿ ಆರಂಭವಾದ ಮಾತು ಕನ್ನಡದಲ್ಲಿ ವಿವರಣೆ ಪಡೆದು ತೆಲುಗಿನಲ್ಲಿ ಖಚಿತವಾಗುವುದು ದಿನನಿತ್ಯದ ಸಂಗತಿ. ನಡುವೆ ಪರದೆಯ ಮೇಲಿನ ಇಂಗ್ಲಿಷು ಬೇರೆ. ಗಡಿಯಾರ ಹಿಡಿದವರು ಇದನ್ನು ಪುನರಾವರ್ತನೆಯೆಂದು ವ್ಯರ್ಥದ ಖಾತೆಗೆ ಹಾಕಿದರೆ ಅದು ತಪ್ಪು ಲೆಕ್ಕವಾದೀತು, ಏಕೆಂದರೆ ಅಳತೆಯ ಮಿತಿ ಬದಲಾದದ್ದು ಎರಡನೇ ಪಾಳಿಯ ಇನ್‌ಚಾರ್ಜ್‌ಗೆ ಅರೆಬರೆ ಅರ್ಥವಾದರೆ ತಗಲುವ ರೀವರ್ಕಿನ ಖರ್ಚು ಆ ಪುನರಾವರ್ತನೆಯ ಎರಡು ನಿಮಿಷಕ್ಕಿಂತ ಎಷ್ಟೋ ಹೆಚ್ಚು.

> ಸೈಕಲ್ ಶೆಡ್ಡಿನ ಮುಂದೆ ಸೋತ ಅಣುಸ್ಥಾವರ
> ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್ಸನ್ ಅವರು 1950ರ ದಶಕದ ತಮ್ಮ ವಿಡಂಬನೆಯಲ್ಲಿ ಒಂದು ಹಣಕಾಸು ಸಮಿತಿಯನ್ನು ಚಿತ್ರಿಸಿದರು. ಒಂದು ಕೋಟಿ ಪೌಂಡಿನ ಅಣುಸ್ಥಾವರಕ್ಕೆ ಅದು ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಟ್ಟು, 350 ಪೌಂಡಿನ ಸೈಕಲ್ ಶೆಡ್ಡಿನ ಮೇಲೆ ಮುಕ್ಕಾಲು ಗಂಟೆ ಚರ್ಚಿಸುತ್ತದೆ. ಸ್ಥಾವರ ಯಾರಿಗೂ ಅರ್ಥವಾಗದು. ಶೆಡ್ಡು ಎಲ್ಲರಿಗೂ ಗೊತ್ತು.

ಜಮೆಯ ಬದಿಯ ಪ್ರಾಮಾಣಿಕತೆ

ಸಭೆಯ ಪರ ವಾದಿಸುವವರು ಸಾಮಾನ್ಯವಾಗಿ ಒಂದು ದೊಡ್ಡ ಉಳಿತಾಯದ ಉದಾಹರಣೆ ಕೊಡುತ್ತಾರೆ. ಒಳರಂಧ್ರದ ಅಳತೆ ಮೀರಿದ 2,000 ಬುಷ್‌ಗಳ ಒಂದು ಲಾಟನ್ನು ಸೋಮವಾರದ ಸಭೆ ತಡೆದು ನಿಲ್ಲಿಸಿತು. ಅದು ಗಿರಾಕಿಯ ಅಸೆಂಬ್ಲಿ ಲೈನನ್ನು ಮುಟ್ಟಿದ್ದರೆ ವಿಂಗಡಿಸಲು ಜನ ಕಳಿಸುವುದು, ವಾಪಸ್ ಸಾಗಣೆ, ರೀವರ್ಕ್ ಸೇರಿ 60,000 ರೂಪಾಯಿ ಹೋಗುತ್ತಿತ್ತು. ಆ ಒಂದು ನಿರ್ಣಯದಿಂದಲೇ ಸುಮಾರು ಏಳು ವಾರದ ಸಭೆಯ ಖರ್ಚು ಹುಟ್ಟಿತು ಎಂಬುದು ವಾದದ ಸಾರ. ಲೆಕ್ಕ ಸರಿಯಾಗಿಯೇ ಇದೆ, ಆದರೆ ಪ್ರಶ್ನೆ ಬೇರೆ: ಸಭೆ ಇಲ್ಲದಿದ್ದರೆ ಆ ಲಾಟು ಹೊರಡುತ್ತಿತ್ತೆ? ಗುಣಮಟ್ಟದವರು ಶನಿವಾರವೇ ಅದನ್ನು ಕಂಡು ಡಿಸ್ಪ್ಯಾಚಿಗೆ ಫೋನು ಮಾಡಬಹುದಾಗಿದ್ದರೆ, ಆ 60,000 ರೂಪಾಯಿ ಸಭೆಯ ಗಳಿಕೆಯಲ್ಲ. ಸಭೆಗೆ ಜಮೆಯಾಗಬೇಕಾದದ್ದು ಸಭೆಯಿಲ್ಲದೆ ಆಗುತ್ತಲೇ ಇರಲಿಲ್ಲ ಎನ್ನಬಹುದಾದ ನಿರ್ಣಯಗಳು ಮಾತ್ರ.

ಇನ್ನೂ ಕಹಿಯಾದ ಸಂಗತಿಯೆಂದರೆ, ವಾರದ ಸಭೆ ಇರುವುದರಿಂದಲೇ ಕೆಲವು ನಿರ್ಣಯಗಳು ತಡವಾಗುತ್ತವೆ. ಗುರುವಾರ ಸಂಜೆ ಟೂಲಿನ ಇನ್‌ಸರ್ಟ್ ಬೇಗ ಸವೆಯುತ್ತಿದೆ ಎಂದು ಗೊತ್ತಾಗಿ, ಬೇರೆ ದರ್ಜೆಯ ಇನ್‌ಸರ್ಟ್ ತರಿಸಲು ಒಪ್ಪಿಗೆ ಬೇಕಾದಾಗ, ‘ಸೋಮವಾರ ಮೀಟಿಂಗಿನಲ್ಲಿ ನೋಡೋಣ’ ಎಂಬ ಮಾತು ಸಹಜವಾಗಿ ಬಂದುಬಿಡುತ್ತದೆ. ದಿನಕ್ಕೆ 200 ಬುಷ್ ರೀವರ್ಕಿಗೆ ಹೋಗುತ್ತಿದ್ದು, ಒಂದಕ್ಕೆ ಎಂಟು ರೂಪಾಯಿ ತಗಲಿದರೆ, ಶುಕ್ರವಾರ ಮತ್ತು ಶನಿವಾರಗಳ ನಷ್ಟ 3,200 ರೂಪಾಯಿ. ಇದನ್ನು ಸಭೆಯ ಖರ್ಚಿನ ಬದಿಗೆ ಬರೆಯುವವರು ಅಪರೂಪ. ಕಂಡುಹಿಡಿಯುವ ದಾರಿ ಮಾತ್ರ ಕೈಯಳತೆಯಲ್ಲೇ ಇದೆ. ನಡಾವಳಿಯ ಪ್ರತಿ ನಿರ್ಣಯದ ಎದುರು ಸಮಸ್ಯೆ ಮೊದಲು ಕಂಡ ದಿನಾಂಕವನ್ನು ಬರೆದರೆ, ವಿಷಯಗಳು ಸಭೆಗಾಗಿ ಎಷ್ಟು ದಿನ ಕಾದು ಕೂತಿದ್ದವು ಎಂಬುದು ಒಂದೇ ತಿಂಗಳಲ್ಲಿ ಕಾಣುತ್ತದೆ.

ಗಂಟೆಗಳೆಲ್ಲ ಸಮಾನವಲ್ಲ ಎಂಬುದೂ ಇಲ್ಲಿ ಮುಖ್ಯ. ಎಲಿಯಾಹು ಗೋಲ್ಡ್‌ರ್ಯಾಟ್ 1984ರ ‘ದ ಗೋಲ್’ ಕೃತಿಯಲ್ಲಿ ಪ್ರಚುರಪಡಿಸಿದ ವಿಚಾರದಂತೆ, ಇಡೀ ಸರಪಳಿಯ ವೇಗವನ್ನು ನಿರ್ಧರಿಸುವುದು ಅದರ ಅತಿ ಇಕ್ಕಟ್ಟಿನ ಜಾಗ. ಅಲ್ಲಿ ಕಳೆದುಹೋದ ಗಂಟೆ ಇಡೀ ಕಾರ್ಖಾನೆಯ ಗಂಟೆ. ಮಾದರಿ ಘಟಕದಲ್ಲಿ ಆ ಜಾಗ ಟೂಲ್ ರೂಮ್ ಆಗಿದ್ದು, ಅದರ ಮುಖ್ಯಸ್ಥರು ಸೋಮವಾರ ಬೆಳಗ್ಗೆ ಮಹಡಿಯಲ್ಲಿದ್ದಾಗ ಎರಡು ಯಂತ್ರಗಳು ಫಿಕ್ಸ್‌ಚರಿಗಾಗಿ ಕಾಯುತ್ತಿದ್ದರೆ, ಅವರ ಎರಡು ಗಂಟೆಗೆ 600 ರೂಪಾಯಿ ಎಂದು ಬರೆಯುವುದು ಸುಳ್ಳು ಲೆಕ್ಕ. ಆ ಎರಡು ಯಂತ್ರಗಳ ಗಂಟೆಯ ದರವೂ ಅದರೊಳಗೆ ಸೇರಬೇಕು. ಇದಕ್ಕೆ ವಿರುದ್ಧವಾಗಿ, ಬಿಡುವಿರುವವರ ಗಂಟೆಯನ್ನು ಉಳಿಸಿದರೆ ತಿಂಗಳ ಕೊನೆಗೆ ಪೆಟ್ಟಿಗೆಯಲ್ಲಿ ಒಂದು ರೂಪಾಯಿಯೂ ಹೆಚ್ಚುವುದಿಲ್ಲ, ಏಕೆಂದರೆ ಸಂಬಳ ಹೇಗೂ ಹೋಗುತ್ತದೆ. ನಾಲ್ಕೂವರೆ ಲಕ್ಷ ಉಳಿಯಿತೆಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಕಾಗಿಲ್ಲ.

ಹತ್ತು ನಿಮಿಷದ ಮೋಸ

ಸಭೆಯ ಅವಧಿ ಕಣ್ಣಿಗೆ ಬೀಳುವಷ್ಟು ಹಾಜರಿ ಬೀಳುವುದಿಲ್ಲ. ಪಾಳಿಯ ಆರಂಭದಲ್ಲಿ ಲೈನಿನ ಪಕ್ಕದಲ್ಲೇ ನಿಂತು ನಡೆಸುವ ಹತ್ತು ನಿಮಿಷದ ಸಭೆಯನ್ನು ಸಮಯ ತಿನ್ನದ ಸಭೆಯೆಂದು ಎಲ್ಲರೂ ಹೊಗಳುತ್ತಾರೆ. ಅದರಲ್ಲಿ ನಲವತ್ತು ಮಂದಿ ನಿಂತರೆ ದಿನಕ್ಕೆ 400 ನಿಮಿಷ, ಆರು ದಿನಕ್ಕೆ 40 ಮಾನವ-ಗಂಟೆ. ಮಹಡಿಯ ಮೇಲಿನ ದೀರ್ಘ ಸಭೆಗಿಂತ ಇದು ಹೆಚ್ಚು! ಸಾಲದೆಂಬಂತೆ, ಆಪರೇಟರುಗಳು ನಿಂತಾಗ ಯಂತ್ರಗಳೂ ನಿಂತಿರುತ್ತವೆ.

ಹಾಗೆಂದು ಅದನ್ನು ಕಿತ್ತುಹಾಕುವುದು ಅವಿವೇಕ. ಹಿಂದಿನ ಪಾಳಿಯಲ್ಲಿ ಎಲ್ಲಿ ಅಳತೆ ಜಾರಿತು, ಯಾವ ಗಾರ್ಡು ಸಡಿಲವಾಗಿದೆ ಎಂಬ ಮಾಹಿತಿ ಯಂತ್ರದ ಮುಂದೆ ನಿಲ್ಲುವವರಿಗೆ ಆ ಕ್ಷಣದಲ್ಲೇ ಬೇಕು, ಮತ್ತು ಅದು ಕಾಗದದಲ್ಲಿ ತಲುಪದು. ಒಟ್ಟು ಗುಣಮಟ್ಟ ನಿರ್ವಹಣೆ ಎಂಬ ಪದ್ಧತಿ ಈ ಪ್ರದೇಶದಲ್ಲಿ ಆಳವಾಗಿ ಬೇರೂರಿದೆ. 2002ರಲ್ಲಿ ಟಿವಿಎಸ್ ಮೋಟರ್ ಜಪಾನಿನ ಡೆಮಿಂಗ್ ಪ್ರಶಸ್ತಿ ಪಡೆದದ್ದು ಅದರ ಫಲ. ಸಮಸ್ಯೆ ಹುಟ್ಟಿದ ಜಾಗದಲ್ಲೇ, ಅದನ್ನು ಕಂಡವರ ಬಾಯಿಂದಲೇ ಮಾತು ಹೊರಡಬೇಕೆಂಬುದು ಆ ಪದ್ಧತಿಯ ತಿರುಳು. ಮೂವತ್ತು ಗಂಟೆಯ ಸಭೆ ಕೈಬಿಡಲು ಯೋಗ್ಯವಾಗಿಯೂ ನಲವತ್ತು ಗಂಟೆಯ ಸಭೆ ಉಳಿಸಿಕೊಳ್ಳಲು ಯೋಗ್ಯವಾಗಿಯೂ ಇರಬಹುದಾದ್ದರಿಂದ, ಖರ್ಚಿನ ಅಂಕಿಯೊಂದೇ ತೀರ್ಪು ಕೊಡಲಾರದು.

> ಕ್ಯಾಲೆಂಡರಿನ ಮೇಲೆ ದರಪಟ್ಟಿ
> ಕೆನಡಾದ ಶಾಪಿಫೈ ಕಂಪನಿ 2023ರ ಜನವರಿಯಲ್ಲಿ ಇಬ್ಬರಿಗಿಂತ ಹೆಚ್ಚು ಜನರಿರುವ ಮರುಕಳಿಸುವ ಸಭೆಗಳನ್ನು ಸಾಮೂಹಿಕವಾಗಿ ರದ್ದು ಮಾಡಿತು. ಅದೇ ವರ್ಷದ ಜುಲೈನಲ್ಲಿ, ಸಭೆ ಕರೆಯುವಾಗಲೇ ಅದರ ಅಂದಾಜು ವೆಚ್ಚವನ್ನು ತೋರಿಸುವ ಸಾಧನವನ್ನು ಉದ್ಯೋಗಿಗಳ ಕ್ಯಾಲೆಂಡರಿಗೆ ಜೋಡಿಸಿತು. ಮೂವರ ಅರ್ಧ ಗಂಟೆಗೆ ಅಲ್ಲಿನ ದರ 700ರಿಂದ 1,600 ಡಾಲರ್.

ನಾಲ್ಕು ವಾರದ ಪರೀಕ್ಷೆ

ಸಭೆ ತನ್ನ ಜಾಗಕ್ಕೆ ಅರ್ಹವೇ ಎಂಬುದನ್ನು ಕೊನೆಗೆ ತಿಳಿಸುವುದು ಅದರ ಗೈರುಹಾಜರಿ. ಅದನ್ನು ನಾಲ್ಕು ವಾರ ನಿಲ್ಲಿಸಿ, ವರದಿಗಳನ್ನು ಶನಿವಾರ ಸಂಜೆಯೇ ಎಲ್ಲರಿಗೂ ಕಳಿಸಿ, ಮೂರು ಅಂಕಿಗಳನ್ನು ಗಮನಿಸಬೇಕು: ಹೇಳಿದ ದಿನಕ್ಕೆ ಹೊರಟ ಡಿಸ್ಪ್ಯಾಚುಗಳು, ರಿಜೆಕ್ಷನ್ ಪ್ರಮಾಣ ಮತ್ತು ನಿರ್ಣಯಕ್ಕಾಗಿ ಕಾಯುತ್ತಿರುವ ವಿಷಯಗಳ ವಯಸ್ಸು. ತಿಂಗಳ ಕೊನೆಯ ಒತ್ತಡ ಎಲ್ಲ ಅಂಕಿಗಳನ್ನೂ ಕಲಕುವುದರಿಂದ ಒಂದೆರಡು ವಾರದ ಪರೀಕ್ಷೆ ನಂಬಲರ್ಹವಲ್ಲ, ಪೂರ್ತಿ ತಿಂಗಳೇ ಬೇಕು. ಮೊದಲೆರಡು ಅಂಕಿಗಳು ಕದಲದೆ ಮೂರನೆಯದು ಇಳಿದರೆ ಸಭೆಯೇ ಅಡ್ಡಿಯಾಗಿತ್ತು. ಮೂರನೆಯದು ಏರಿದರೆ, ಆ ಕೋಣೆಯಲ್ಲಿ ಮಾತ್ರ ಪರಸ್ಪರ ಭೇಟಿಯಾಗುವ ವಿಭಾಗಗಳಿವೆ ಎಂದರ್ಥ. ಅದಕ್ಕಿಂತ ಮೊದಲೇ ಕಾಣುವ ಇನ್ನೊಂದು ಗುರುತಿದೆ: ಸಭೆ ನಿಂತ ಎರಡನೇ ವಾರಕ್ಕೆ ಜನ ತಾವಾಗಿಯೇ ನಾಲ್ಕೈದು ಸಣ್ಣ ಸಭೆ ಕರೆಯತೊಡಗಿದರೆ ಖರ್ಚು ಉಳಿದಿಲ್ಲ, ಬೇರೆ ಕೋಣೆಗೆ ವರ್ಗವಾಗಿದೆ.

ಮಾದರಿ ಘಟಕದಲ್ಲಿ ಕಾಯುವ ವಿಷಯಗಳ ವಯಸ್ಸು ಅಲ್ಪಸ್ವಲ್ಪ ಏರಿತೆಂದು ಭಾವಿಸಿದರೆ, ಸಭೆ ಬೇಕು, ಆದರೆ ಈ ಗಾತ್ರದ್ದು ಬೇಡ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಆರು ಮಂದಿ ಅರ್ಧ ಗಂಟೆ ಕೂತರೆ ಮೂರು ಗಂಟೆ. ಹೋಗಿಬರುವುದಕ್ಕೆ ಒಂದೂವರೆ, ಮುಂಚಿತವಾಗಿ ಪಟ್ಟಿಗಳನ್ನು ಓದುವುದಕ್ಕೆ ಒಂದೂವರೆ, ಪರದೆಯ ಅಲಂಕಾರ ಬಿಟ್ಟ ಸಿದ್ಧತೆಗೆ ನಾಲ್ಕು, ನಡಾವಳಿಗೆ ಅರ್ಧ. ಒಟ್ಟು ಹತ್ತೂವರೆ ಗಂಟೆ. ಗಿರಾಕಿಗೆ ಹೇಗೂ ಕಳಿಸಬೇಕಾದ ಪಟ್ಟಿಗಳಾದ್ದರಿಂದ ಆ ನಾಲ್ಕು ಗಂಟೆಯನ್ನು ಸಭೆಯ ಖಾತೆಗೆ ಹಾಕಬಾರದೆಂದು ಕಟ್ಟುನಿಟ್ಟಿನ ಲೆಕ್ಕಿಗರು ವಾದಿಸಬಹುದು. ಎರಡೂ ಕಡೆಯಿಂದ ಅದನ್ನು ಕಳೆದರೂ ವಾರಕ್ಕೆ ಬಿಡುಗಡೆಯಾಗುವ ಹತ್ತೊಂಬತ್ತೂವರೆ ಗಂಟೆ ಹಾಗೆಯೇ ಉಳಿಯುತ್ತದೆ. ಟೂಲ್ ರೂಮಿನ ಮುಖ್ಯಸ್ಥರನ್ನು ಅವರ ವಿಷಯ ಬಂದಾಗ ಮಾತ್ರ ಕರೆಯುವುದು ಈ ಬದಲಾವಣೆಯ ಅತಿ ಲಾಭದಾಯಕ ಅಂಶ.

ಹೊಸೂರು, ಕೃಷ್ಣಗಿರಿಗಳ ಘಟಕಗಳ ಹಿರಿಯರು ಈ ಏಪ್ರಿಲಿನಲ್ಲಿ ಯಂತ್ರಗಳ ದರಪಟ್ಟಿ ತಿದ್ದಲು ಕೂತಾಗ, ಕೊನೆಯ ಯಂತ್ರದ ಕೆಳಗೆ ಇನ್ನೊಂದು ಸಾಲು ಎಳೆದು ‘ಸೋಮವಾರದ ಸಭೆ’ ಎಂದು ಬರೆದು, ಅದರ ಎದುರು ಮಾನವ-ಗಂಟೆಗಳನ್ನೂ ಮುಂದಿನ ಪರಿಶೀಲನೆಯ ದಿನಾಂಕವನ್ನೂ ತುಂಬಲಿ.